ಒದ್ದೆ ಭುಜದ ಭಾಷಣ

ಸಾಗರದ ಕಲ್ಯಾಣಮಂಟಪವೊಂದರ ಆರತಕ್ಷತೆಯಲ್ಲಿ ಮದುಮಗನ ಗೆಳೆಯನೊಬ್ಬ ಜರ್ಮನ್ ಭಾಷೆಯಲ್ಲಿ ಆಡಿದ ಏಳು ವಾಕ್ಯಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹುಡುಗ ಹೊಸನಗರದ ಕಡೆಯವನು, ಹುಡುಗಿ ತೀರ್ಥಹಳ್ಳಿಯವಳು. ಹುಡುಗ ಜರ್ಮನಿಯಲ್ಲಿ ಕೆಲಸ ಮಾಡುವವನಾದ್ದರಿಂದ ಅವನ ಜೊತೆ ಕೆಲಸ ಮಾಡುವ ಕೆಲವರು ಅಲ್ಲಿಂದ ಬಂದಿದ್ದರು. ಅವರಿಗೂ ಅರ್ಥವಾಗುವ ಎರಡು ಮಾತು ಇರಲಿ ಎಂದು ಮನೆಯವರು ಕೇಳಿದಾಗ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಒಂದಿಷ್ಟು ಜರ್ಮನ್ ಕಲಿತಿದ್ದ ಈ ಗೆಳೆಯ ಒಪ್ಪಿಕೊಂಡ. ಅವನು ಬರೆದುಕೊಂಡಿದ್ದ ಹಾಳೆ ನನ್ನ ಬಳಿ ಇದೆ. ಕವಿತೆಯನ್ನು ಓದುವಷ್ಟೇ ಗಮನ ಕೊಟ್ಟು ಓದಬೇಕಾದ ಬರಹ ಅದು.

ಪೂರ್ತಿ ಪಾಠ ಇಷ್ಟು: "ಲೀಬೆಸ್ ಬ್ರೌಟ್‌ಪಾರ್, ಲೀಬೆ ಗೆಸ್ಟೆ! ಇನ್ ಸಾಗರ ರೇಗ್ನೆಟ್ ಎಸ್ ಫೀರ್ ಮೋನಾಟೆ ಇಮ್ ಯಾರ್. ಮೈನ್ ಫ್ರೊಯ್ಂಡ್ ಹಾಟೆ ಇಮರ್ ಐನೆನ್ ಶಿರ್ಮ್, ಉಂಡ್ ಎರ್ ಬ್ಲೀಪ್ ಇಮರ್ ಟ್ರೋಕನ್. ಜೈಟ್ ಲೆಟ್ಸ್‌ಟೆಮ್ ಯೂನಿ ಇಸ್ಟ್ ಜೈನೆ ಲಿಂಕೆ ಶುಲ್ಟರ್ ನಸ್. ದಾ ವುಸ್ಟನ್ ವಿಯರ್, ದಸ್ ಎರ್ ಫರ್ಲೀಪ್ಟ್ ಇಸ್ಟ್. ವಿಯರ್ ವ್ಯುನ್ಶೆನ್ ಒಯ್ಶ್ ಫೀಲ್ ರೇಗನ್ ಉಂಡ್ ಐನೆನ್ ಕ್ಲೈನನ್ ಶಿರ್ಮ್. ಔಫ್ ದಸ್ ಬ್ರೌಟ್‌ಪಾರ್!"

ಅವನೇ ಬರೆದ ಕನ್ನಡದಲ್ಲಿ: ಪ್ರೀತಿಯ ವಧೂವರರೇ, ಅತಿಥಿಗಳೇ, ಸಾಗರದಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ. ನನ್ನ ಗೆಳೆಯನ ಕೈಯಲ್ಲಿ ಯಾವಾಗಲೂ ಒಂದು ಕೊಡೆ ಇರುತ್ತಿತ್ತು, ಅವನು ಯಾವತ್ತೂ ನೆನೆದವನಲ್ಲ. ಕಳೆದ ಜೂನ್‌ನಿಂದ ಇವನ ಎಡಭುಜ ಒದ್ದೆ. ಆಗ ಗೊತ್ತಾಯಿತು ನಮಗೆ, ಇವನಿಗೆ ಪ್ರೀತಿ ಹತ್ತಿದೆ ಅಂತ. ನಿಮಗೆ ಬೇಕಾದಷ್ಟು ಮಳೆ ಸಿಗಲಿ, ಒಂದು ಸಣ್ಣ ಕೊಡೆಯೂ ಸಿಗಲಿ. ವಧೂವರರಿಗೆ!

ಇದರ ಗೆಲುವೆಲ್ಲ ನಾಲ್ಕನೆಯ ವಾಕ್ಯದಲ್ಲಿದೆ. ಅಲ್ಲಿ ಪ್ರೀತಿಯ ಮಾತೇ ಇಲ್ಲ, ಹುಡುಗಿಯ ಹೆಸರೂ ಇಲ್ಲ. ಒಂದು ಭುಜ ಒದ್ದೆಯಾಗಿದೆ ಎಂದಷ್ಟೇ ಹೇಳಿ ಮಾತು ನಿಲ್ಲುತ್ತದೆ. ಒಂದು ಕೊಡೆಯಡಿ ಇಬ್ಬರು ನಡೆದರೆ ಹಿಡಿದವನ ಹೊರಗಿನ ಭುಜ ನೆನೆಯುತ್ತದೆ ಎನ್ನುವುದನ್ನು ಕೇಳುವವರೇ ಕೂಡಿಸಿಕೊಳ್ಳಬೇಕು. ಎರಡೂ ಭುಜ ಒದ್ದೆ ಎಂದಿದ್ದರೆ ಕೊಡೆ ಮರೆತ ಕತೆಯಾಗುತ್ತಿತ್ತು. 'ಎಡ' ಎಂಬ ಆ ಒಂದು ಗುರುತಿನಿಂದಲೇ ಬಲಗಡೆ ಒಬ್ಬಳು ನಡೆಯುತ್ತಿದ್ದಾಳೆ ಎಂದು ತಿಳಿಯುತ್ತದೆ. ಸರಳ ಹಾಸ್ಯ ಎಂದು ನಾವು ಸುಮ್ಮನೆ ಕರೆಯುವುದರ ಒಳಗೆ ಇಂಥ ಲೆಕ್ಕಾಚಾರ ಇರುತ್ತದೆ.

ವಾಕ್ಯದ ಕಟ್ಟೂ ಚೆನ್ನಾಗಿ ಕೂಡಿಬಂದಿದೆ. ಜರ್ಮನ್‌ನಲ್ಲಿ ಆ ಸಾಲು 'ಒದ್ದೆ'ಯಲ್ಲೇ ಮುಗಿಯುತ್ತದೆ, ಕನ್ನಡದಲ್ಲೂ ಹಾಗೇ. ನಗುವಿಗೆ ಬೇಕಾದ ಪದ ಕೊನೆಗೆ ಬಂದರೆ ಮಾತನಾಡುವವನು ನಿಲ್ಲಬಹುದು, ಕೇಳುವವರು ನಗಬಹುದು. ಅದರ ಮುಂದಿನ ವಾಕ್ಯದಲ್ಲಿ ಮಾತ್ರ ಎಚ್ಚರ ಬೇಕಿತ್ತು. ಅಧೀನ ವಾಕ್ಯದಲ್ಲಿ ಜರ್ಮನ್ ತನ್ನ ಕ್ರಿಯಾಪದವನ್ನು ತುದಿಗೆ ತಳ್ಳುತ್ತದೆ, ಹಾಗಾಗಿ ಗುಟ್ಟು ಕೊನೆಯವರೆಗೂ ಉಳಿಯುತ್ತದೆ. ಕನ್ನಡದಲ್ಲಿ ರೂಢಿಯಂತೆ "ಇವನಿಗೆ ಪ್ರೀತಿ ಹತ್ತಿದೆ ಎಂದು ನಮಗೆ ಗೊತ್ತಾಯಿತು" ಎಂದರೆ ಗುಟ್ಟು ಮೊದಲೇ ಹೊರಬಿದ್ದು, ಬಾಲ ಉಳಿದುಬಿಡುತ್ತದೆ. ಗೆಳೆಯ ಮಾತಿನ ಕನ್ನಡಕ್ಕೆ ಹೊರಳಿ "ಆಗ ಗೊತ್ತಾಯಿತು ನಮಗೆ" ಎಂದು ಮುಂದಿಟ್ಟದ್ದು ಸರಿಯಾದ ಕಿವಿಯ ಕೆಲಸ.

ಇದಕ್ಕೂ ಮೊದಲಿನ ಕರಡು ಒಂದಿತ್ತು. ಅದು ಇದರ ಮೂರು ಪಟ್ಟು ಉದ್ದ. ನಮ್ಮ ಸಭೆಗಳ ಅಭ್ಯಾಸದಂತೆ ಹಿರಿಯರು, ಪುರೋಹಿತರು, ಬೀಗರು, ನೆಂಟರು, ಇಷ್ಟರು ಎಂದು ವಂದನೆಗೇ ಅರ್ಧ ಹಾಳೆ ಹೋಗಿತ್ತು. ಜರ್ಮನ್ ಮದುವೆಯಲ್ಲಿ ವಧುವಿನ ತಂದೆಯೋ ಸಾಕ್ಷಿಯಾಗಿ ನಿಂತ ಗೆಳೆಯನೋ ಆಡುವ ದೊಡ್ಡ ಭಾಷಣ ಬೇರೆ, ಲೋಟ ಎತ್ತುವ ಮುಂಚಿನ ಈ ಚಿಕ್ಕ ಮಾತು ಬೇರೆ. ಲೋಟ ಕೈಯಲ್ಲಿ ಹಿಡಿದು ನಿಂತವರನ್ನು ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವಂತಿಲ್ಲ. 'ವಧೂವರರೇ, ಅತಿಥಿಗಳೇ' ಎಂದರೆ ಯಾರನ್ನೂ ಬಿಟ್ಟಂತಾಗುವುದಿಲ್ಲ.

ಆ ಕರಡಿನಲ್ಲಿ ಒಂದು ಒಳ್ಳೆಯ ನಗೆಮಾತೂ ಇತ್ತು, ಅದನ್ನು ತೆಗೆದದ್ದೇ ಈ ಬರಹದ ಅತಿ ಕಷ್ಟದ ತೀರ್ಮಾನ ಎಂದು ನನ್ನ ಎಣಿಕೆ. ಮುಹೂರ್ತವನ್ನು ನಿಮಿಷಕ್ಕೆ ಸರಿಯಾಗಿ ಬರೆಸಿ, ಆರತಕ್ಷತೆಯನ್ನು ಒಂದು ಗಂಟೆ ತಡವಾಗಿ ಶುರು ಮಾಡುವ ನಮ್ಮನ್ನು ಸಮಯಪಾಲನೆಯ ಜರ್ಮನರ ಎದುರು ನಿಲ್ಲಿಸುವ ಮಾತು ಅದು. ಮಂಟಪದಲ್ಲಿ ಆಡಿದ್ದರೆ ಖಂಡಿತ ನಗು ಬರುತ್ತಿತ್ತು. ಆದರೆ ಅದರಲ್ಲಿ ಎರಡು ದೇಶ ಇದ್ದವು, ಈ ಇಬ್ಬರು ಇರಲಿಲ್ಲ. ಯಾವ ಇಂಡೋ-ಜರ್ಮನ್ ಸಭೆಗೂ ಅದು ಸಲ್ಲುತ್ತದೆ. ಬಿಯರ್, ರೈಲು, ಸಮಯ ಎಂಬ ವಿಷಯಗಳ ಮೇಲಿನ ತಮಾಷೆಯನ್ನು ಆ ಅತಿಥಿಗಳು ಬೇಕಾದಷ್ಟು ಕೇಳಿರುತ್ತಾರೆ. ಮದುವೆಯೆಂದರೆ ಗಂಡನ ಸ್ವಾತಂತ್ರ್ಯ ಮುಗಿಯಿತು ಎನ್ನುವ ಜಾತಿಯ ಸಿದ್ಧ ಪ್ರಾಸಗಳು ಜರ್ಮನ್‌ನಲ್ಲೂ ರಾಶಿ ಬಿದ್ದಿವೆ, ಕನ್ನಡದಲ್ಲೂ. ಅವುಗಳಲ್ಲಿ ಹೆಸರು ಬದಲಾಯಿಸಿದರೆ ಯಾರ ಮದುವೆಗಾದರೂ ಆಗುತ್ತದೆ. ಕೊಡೆಯ ಮಾತು ಈ ಊರಿನ ಮಳೆಯನ್ನು, ಈ ಹುಡುಗನ ಸ್ವಭಾವವನ್ನು ಬಿಟ್ಟು ನಿಲ್ಲಲಾರದು.

ಮಲೆನಾಡಿಗೆ ಈ ಪ್ರಕಾರ ಹೊರಗಿನದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೀಗರನ್ನು ಜರಿಯುವ ಹಾಡುಗಳನ್ನು ನಮ್ಮ ಹೆಂಗಸರು ಮದುವೆಮನೆಯಲ್ಲೇ, ಬೀಗರ ಮುಖದೆದುರೇ ಹೇಳುತ್ತಾ ಬಂದಿದ್ದಾರೆ. ಊಟದ ಪಂಕ್ತಿಯಲ್ಲಿ ಒಬ್ಬರು ಶ್ಲೋಕ ಹೇಳಿ ಮುಗಿಸಿದ ಕೂಡಲೇ ಉಳಿದವರೆಲ್ಲ "ಹರಹರ ಮಹಾದೇವ" ಎಂದು ಕೂಗುತ್ತಾರೆ. ಒಬ್ಬನ ಮಾತಿಗೆ ಸಭೆ ಒಂದೇ ದನಿಯಲ್ಲಿ ಓಗೊಡುವ ಈ ಕ್ರಮ ಜರ್ಮನರಲ್ಲೂ ಇದೆ. ಒಬ್ಬರು "ದಸ್ ಬ್ರೌಟ್‌ಪಾರ್ ಲೇಬೆ ಹೋಖ್" ಎಂದರೆ, ಎಲ್ಲರೂ ಲೋಟ ಎತ್ತಿ ಮೂರು ಬಾರಿ "ಹೋಖ್" ಎನ್ನುತ್ತಾರೆ. ಗೆಳೆಯ ಬರೀ "ಔಫ್ ದಸ್ ಬ್ರೌಟ್‌ಪಾರ್" ಎಂದು ನಿಲ್ಲಿಸಿದ್ದರಿಂದ ಅವನ ಮೇಜಿನ ಅತಿಥಿಗಳು ಲೋಟ ಎತ್ತಿದರು, ಮಂಟಪದ ಉಳಿದ ಮುನ್ನೂರು ಜನ ಸುಮ್ಮನೆ ನೋಡಿದರು. 'ಹೋಖ್' ಕೂಗಲು ಯಾರೂ ಜರ್ಮನ್ ಕಲಿತಿರಬೇಕಾಗಿಲ್ಲ. ಪಂಕ್ತಿಯಲ್ಲಿ ಓಗೊಟ್ಟು ರೂಢಿಯಿರುವ ಜನಕ್ಕೆ ಒಮ್ಮೆ ಹೇಳಿಕೊಟ್ಟರೆ ಸಾಕಿತ್ತು. ಈ ಅವಕಾಶ ಕಳೆದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಎರಡು ಭಾಷೆಯ ಕ್ರಮದಲ್ಲೂ ತೊಡಕಿತ್ತು. ಅವನು ಜರ್ಮನ್‌ನಲ್ಲಿ ಒಂದು ವಾಕ್ಯ ಹೇಳಿ, ನಿರೂಪಕಿ ಅದರ ಕನ್ನಡವನ್ನು ಓದಿ, ಮತ್ತೆ ಅವನು ಮುಂದುವರಿಸಿದ. ಅತಿಥಿಗಳು ಒಂದು ಕಡೆ ನಕ್ಕರೆ ಊರವರು ಇನ್ನೊಂದು ಕಡೆ ನಕ್ಕರು, ನಡುವೆ ಮಾತು ತುಂಡಾಯಿತು. ಹೆಚ್ಚು ಜನರ ಭಾಷೆಯಲ್ಲಿ ಮೊದಲು ಪೂರ್ತಿ ಹೇಳಿ, ಆಮೇಲೆ ಜರ್ಮನ್‌ನಲ್ಲಿ ಪೂರ್ತಿ ಹೇಳಬೇಕಿತ್ತು. ಆಗ ಊರವರು ನಗುವುದನ್ನು ನೋಡಿ ಅತಿಥಿಗಳಿಗೆ ಕುತೂಹಲ ಹುಟ್ಟುತ್ತದೆ. ಅವರ ಸರದಿ ಬಂದಾಗ, ಮುಂದೇನು ಬರುತ್ತದೆಂದು ಬಲ್ಲ ಊರವರೂ ಅವರ ಜೊತೆ ಇನ್ನೊಮ್ಮೆ ನಗುತ್ತಾರೆ.

ಜರ್ಮನ್ ಆಡುವಾಗ ಎರಡೇ ಕಡೆ ಅವನು ಎಡವಿದ. ಹಾರೈಸುವ ಕ್ರಿಯಾಪದದ ಮೊದಲ ಸ್ವರ ಕನ್ನಡದಲ್ಲಿಲ್ಲ. ನಾಲಗೆಯನ್ನು 'ಇ'ಗೆ ಇಟ್ಟು, ತುಟಿಯನ್ನು 'ಉ'ಗೆ ದುಂಡು ಮಾಡಿದರೆ ಅದು ಬರುತ್ತದೆ. ಬರೀ 'ಉ' ಎಂದರೂ ಅತಿಥಿಗಳಿಗೆ ಅರ್ಥವಾಗುತ್ತದೆ, ದೊಡ್ಡ ದೋಷವಲ್ಲ. 'ನಿಮಗೆ' ಎನ್ನುವಲ್ಲಿ ಅವನು ಮೈಕಿನ ಮುಂದೆ ಹೆದರಿ, ಹಾಳೆಯಲ್ಲಿದ್ದ 'ಒಯ್ಶ್' ಬಿಟ್ಟು ಗೌರವದ ರೂಪ ಬಳಸಿದ್ದು ಅದಕ್ಕಿಂತ ಹೆಚ್ಚು ಕಿವಿಗೆ ತಾಗಿತು. ಹಿರಿಯರ ಸಭೆಯಲ್ಲಿ ಬಹುವಚನ ನಮಗೆ ತಾನಾಗಿ ಬರುತ್ತದೆ, ಆದರೆ ಆಪ್ತ ಗೆಳೆಯನ ಮದುವೆಯಲ್ಲಿ ಆ ರೂಪ ಕೇಳಿದರೆ ಜರ್ಮನರಿಗೆ ಬ್ಯಾಂಕಿನಿಂದ ಬಂದ ಪತ್ರ ಓದಿದಂತಾಗುತ್ತದೆ.

ಇನ್ನು ಹಾರೈಕೆಯ ವಾಕ್ಯ. "ಬೇಕಾದಷ್ಟು ಮಳೆ ಸಿಗಲಿ" ಎಂದು ನಿರೂಪಕಿ ಹೇಳಿದ್ದೇ ತಡ, ಹಿಂದಿನ ಸಾಲಿನ ಹಿರಿಯರೊಬ್ಬರು "ಎಂಥ ಮಾರಾಯ, ಕೊಳೆ ಬರಲಿ ಅಂತ ಹಾರೈಸ್ತೀಯಲ್ಲ" ಎಂದರು. ಅದನ್ನು ವಿಮರ್ಶೆಯೆಂದೇ ತೆಗೆದುಕೊಳ್ಳಬೇಕು. ಜರ್ಮನರಲ್ಲಿ ಮದುವೆ ದಿನದ ಮಳೆ ಅದೃಷ್ಟ ತರುತ್ತದೆಂಬ ನಂಬಿಕೆಯಿದೆ, ಅವರು ಅದೇ ಅರ್ಥದಲ್ಲಿ ಕೇಳಿ ಖುಷಿಪಟ್ಟರು. ನಮ್ಮಲ್ಲಿ ತೆಂಗಿನ ತುರಿ ಕದ್ದು ತಿಂದವರ ಮದುವೆಗೆ ಮಳೆ ಬರುತ್ತದೆಂದು ಮಕ್ಕಳನ್ನು ಹೆದರಿಸುತ್ತೇವೆ. ಹೊಸನಗರ, ಸಾಗರ, ತೀರ್ಥಹಳ್ಳಿಯ ಅಡಿಕೆ ಮನೆಗಳಿಗೆ ಬಿಡದೆ ಸುರಿಯುವ ಮಳೆಯೆಂದರೆ ಕೊಳೆರೋಗ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕೂಡಿಸಿ ಬೋರ್ಡೋ ದ್ರಾವಣ ಹೊಡೆಸಿ, ಒಂದೂವರೆ ತಿಂಗಳೊಳಗೆ ಎರಡನೇ ಸಲ ಹೊಡೆಸಲು ಎರಡು ದಿನದ ಹೊಳವು ಸಿಗದೆ ಕಾಯಿ ಉದುರುವುದನ್ನು ನೋಡಿದವರು ಆ ಸಭೆಯಲ್ಲಿ ತುಂಬಾ ಜನ ಇದ್ದರು. 'ಫೀಲ್' ಎಂಬ ಹೆಚ್ಚಳದ ಬದಲು 'ಗೆನೂಕ್', ಅಂದರೆ ಸಾಕಾಗುವಷ್ಟು, ಎಂದಿದ್ದರೆ ಅಲ್ಲಿಯ ಅದೃಷ್ಟವೂ ಉಳಿಯುತ್ತಿತ್ತು, ಇಲ್ಲಿಯ ಫಸಲೂ ಉಳಿಯುತ್ತಿತ್ತು.

ಲೋಟದಲ್ಲಿ ಏನಿತ್ತು ಎಂಬುದೂ ಮುಖ್ಯ. ನೀರಿನ ಲೋಟ ತಾಗಿಸಿದರೆ ಅಶುಭ ಎಂದು ಜರ್ಮನರಲ್ಲಿ ಕೆಲವರು ನಂಬುತ್ತಾರೆ. ಮದ್ಯವಿಲ್ಲದ ಮನೆಯ ಆರತಕ್ಷತೆಯಲ್ಲಿ ಮುರುಗಲು ಶರಬತ್ತು ಕೊಟ್ಟದ್ದು ಇದಕ್ಕೆ ತಕ್ಕ ಉತ್ತರವಾಯಿತು. ಬಣ್ಣ ಕೆಂಪು, ಹುಳಿಸಿಹಿ, ಯಾರೂ ಬೇಡವೆನ್ನುವುದಿಲ್ಲ. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕೆಂಬುದನ್ನು ಅತಿಥಿಗಳೇ ಮದುಮಗನ ಅಪ್ಪನಿಗೆ ಹೇಳಿಕೊಟ್ಟರು.

ಇಷ್ಟೆಲ್ಲ ಹೇಳಿದ ಮೇಲೂ ಈ ಬರಹದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಮುಖ್ಯ ಸಂಗತಿಯಿದೆ. ಹುಡುಗಿ ಇಲ್ಲಿ ಏನನ್ನೂ ಮಾಡುವುದಿಲ್ಲ. ಕೊಡೆ ಅವನದು, ನೆನೆದ ಭುಜ ಅವನದು, ಪ್ರೀತಿ ಹತ್ತಿದ್ದೂ ಅವನಿಗೇ. ತನ್ನ ಮದುವೆಯ ಹಾರೈಕೆಯಲ್ಲಿ ಅವಳು ಬರೀ ಬಲಗಡೆಯ ಜಾಗವಾಗಿ ಉಳಿದಿದ್ದಾಳೆ. ಮಂತ್ರಮಾಂಗಲ್ಯವನ್ನು ರೂಪಿಸಿದ ಕುವೆಂಪು ಬೆಳೆದ ತೀರ್ಥಹಳ್ಳಿಯ ಹುಡುಗಿಗೆ ಇದು ಕಡಿಮೆಯೇ ಆಯಿತು. ಮಂತ್ರಮಾಂಗಲ್ಯದಲ್ಲಿ ಗಂಡುಹೆಣ್ಣು ಇಬ್ಬರನ್ನೂ ಸಮಾನರೆಂದು ಕರೆದು, ಇಬ್ಬರಿಗೂ ಅರ್ಥವಾಗುವ ಮಾತಿನಲ್ಲಿ ಮದುವೆ ಮಾಡಿಸುತ್ತಾರೆ.

ಸರಿಪಡಿಸುವುದು ಕಷ್ಟವಲ್ಲ. 'ಒದ್ದೆ' ಎಂದು ನಿಂತು, ನಗು ತಗ್ಗಿದ ಮೇಲೆ, ಎರಡು ಪುಟ್ಟ ವಾಕ್ಯ ಸೇರಿಸಬೇಕು: "ಜೀ ಹಾಟ್ ಐನೆನ್ ಐಗೆನೆನ್ ಶಿರ್ಮ್. ದೇನ್ ಲೆಸ್ಟ್ ಜೀ ತ್ಸು ಹೌಜೆ." ಅವಳ ಹತ್ತಿರ ಅವಳದ್ದೇ ಕೊಡೆ ಇದೆ, ಅದನ್ನು ಅವಳು ಮನೆಯಲ್ಲೇ ಬಿಟ್ಟು ಬರುತ್ತಾಳೆ. ಆಗ ನಿರ್ಧಾರ ಇಬ್ಬರದೂ ಆಗುತ್ತದೆ, ಮುಂದಿನ "ಪ್ರೀತಿ ಹತ್ತಿದೆ" ಎಂಬಲ್ಲಿ 'ಎರ್' ಹೋಗಿ 'ಇಬ್ಬರಿಗೂ' ಎಂಬರ್ಥದ 'ಬೈಡೆ' ಬರುತ್ತದೆ, ಅದಕ್ಕೆ ತಕ್ಕಂತೆ ತುದಿಯ ಕ್ರಿಯಾಪದ 'ಜಿಂಟ್' ಆಗುತ್ತದೆ. ಇಷ್ಟು ಸೇರಿದರೂ ಭಾಷಣ ಒಂದು ನಿಮಿಷ ದಾಟುವುದಿಲ್ಲ.