ಗಂಟೆ ಇದೆ, ಊರಿನ ಹೆಸರಿಲ್ಲ

ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಬೆಂಗಳೂರಿನಿಂದ ಹೋದ ಒಂದು ಕುಟುಂಬ 2024ರ ಜೂನ್ 21ರ ಸಂಜೆ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತು ಎಂದಿಟ್ಟುಕೊಳ್ಳೋಣ. ಮಗಳ ಕೈಯಲ್ಲಿ ಫೋನು, ಅಪ್ಪನ ಕೈಯಲ್ಲಿ ಕ್ಯಾಮೆರಾ. ಇಬ್ಬರೂ ಒಂದೇ ಕ್ಷಣಕ್ಕೆ ಒತ್ತಿದರು. ಊರಿಗೆ ಬಂದು ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ ಸಮಯದ ಕ್ರಮದಲ್ಲಿ ಜೋಡಿಸಿದರೆ, ಫೋನಿನ ಚಿತ್ರ 21ರ ರಾತ್ರಿ 9:20ಕ್ಕೆ ನಿಲ್ಲುತ್ತದೆ, ಕ್ಯಾಮೆರಾದ ಚಿತ್ರ 22ರ ಬೆಳಗಿನ ಜಾವ 1:50ಕ್ಕೆ. ನಡುವೆ ಹೋಟೆಲಿನ ಊಟದ ಚಿತ್ರಗಳೆಲ್ಲ ಬಂದು ಕೂತಿವೆ. ಕ್ಯಾಮೆರಾದ ಚಿತ್ರದಲ್ಲಿ ಮಾತ್ರ ಪಡುವಣದ ಬೆಳಕು ಇನ್ನೂ ಆರಿಲ್ಲ. ಜೂನ್ ಕೊನೆಯಲ್ಲಿ ಲಂಡನ್ನಿನಲ್ಲಿ ಹೊತ್ತು ಮುಳುಗುವುದು ರಾತ್ರಿ ಸುಮಾರು 9:20ಕ್ಕೆ.

ಕ್ಯಾಮೆರಾ ಕೆಟ್ಟಿಲ್ಲ. ಅದರ ಗಡಿಯಾರ ಬೆಂಗಳೂರಿನ ಹೊತ್ತನ್ನು ತಪ್ಪಿಲ್ಲದೆ ತೋರಿಸುತ್ತಲೇ ಇತ್ತು. ತಪ್ಪಿರುವುದು ಆ ಹೊತ್ತನ್ನು ಚಿತ್ರದ ಫೈಲಿನೊಳಗೆ ಬರೆದಿಡುವ ಕ್ರಮದಲ್ಲಿ.

ಆ ಕ್ರಮದ ಹೆಸರು ಎಕ್ಸಿಫ್. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘಟನೆ 1995ರಲ್ಲಿ ರೂಪಿಸಿದ ಮಾನದಂಡ ಇದು. ಇಂದಿನ ಡಿಜಿಟಲ್ ಕ್ಯಾಮೆರಾಗಳೂ ಫೋನುಗಳೂ ಜೆಪೆಗ್ ಚಿತ್ರದ ಜೊತೆಗೆ ಲೆನ್ಸ್, ಷಟರ್ ವೇಗ, ಸಮಯ ಮುಂತಾದವನ್ನು ಬರೆದಿಡುವುದು ಇದರ ಪ್ರಕಾರವೇ. ಚಿತ್ರ ತೆಗೆದ ಸಮಯಕ್ಕೆ ಅದರಲ್ಲಿರುವ ಮುಖ್ಯ ಕ್ಷೇತ್ರ `DateTimeOriginal`. ಅಲ್ಲಿ ಬರುವುದು `2024:06:22 01:50:10` ಎಂಬಂಥ ಹತ್ತೊಂಬತ್ತು ಅಕ್ಷರಗಳು, ಕೊನೆಗೆ ಮುಕ್ತಾಯ ಸೂಚಿಸುವ ಒಂದು ಶೂನ್ಯ ಬೈಟು. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲವೂ ಇವೆ. ಯಾವ ಊರಿನ ಗಂಟೆ ಎಂದು ಹೇಳಲು ಜಾಗವೇ ಇಲ್ಲ. ಮನೆ ಸಂಖ್ಯೆ, ಬೀದಿಯ ಹೆಸರು ಬರೆದು ಊರನ್ನೇ ಬಿಟ್ಟ ವಿಳಾಸದ ಹಾಗೆ ಇದು. ಅದೇ ಊರಿನ ಅಂಚೆಯವನಿಗೆ ತೊಂದರೆಯಿಲ್ಲ, ಬೇರೆ ಊರಿನವನಿಗೆ ದಾರಿಯಿಲ್ಲ.

ಇಂಥ ಲೋಪ ಹೇಗೆ ಬಂತು? ಸಮಯವನ್ನು ಈ ರೂಪದಲ್ಲಿ ಬರೆಯುವುದು ಎಕ್ಸಿಫಿಗಿಂತ ಹಿಂದಿನ ಟಿಫ್ ಎಂಬ ಚಿತ್ರ ಮಾದರಿಯಲ್ಲೇ ಇತ್ತು. ಎಕ್ಸಿಫ್ ಅದನ್ನು ಹಾಗೇ ಎತ್ತಿಕೊಂಡಿತು. ಜಪಾನ್ ದೇಶಕ್ಕೆಲ್ಲ ಒಂದೇ ಕಾಲವಲಯ, ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವ ಪದ್ಧತಿಯೂ ಅಲ್ಲಿಲ್ಲ. ಅಂದಿನ ಕ್ಯಾಮೆರಾಕ್ಕೆ ನೆಟ್‌ವರ್ಕ್ ಇರಲಿಲ್ಲ, ಜಿಪಿಎಸ್ ಇರಲಿಲ್ಲ. ತಾನು ಎಲ್ಲಿದ್ದೇನೆಂದು ತಿಳಿಯುವ ದಾರಿಯೇ ಇಲ್ಲದ ಯಂತ್ರ ಕಾಲವಲಯವನ್ನು ತಾನಾಗಿ ಬರೆಯುವುದು ಸಾಧ್ಯವಿರಲಿಲ್ಲ ಎಂಬುದನ್ನು ಒಪ್ಪಬೇಕು.

ಇನ್ನೂ ಒಂದು ಮಾತನ್ನು ಈ ವಿನ್ಯಾಸದ ಪರವಾಗಿ ಹೇಳಲೇಬೇಕು. ಕಂಪ್ಯೂಟರ್ ಬಲ್ಲವರು ಎಲ್ಲ ಸಮಯವನ್ನೂ ಯುಟಿಸಿ ಎಂಬ ಜಾಗತಿಕ ಸಮಯದಲ್ಲೇ ಇಡಬೇಕಿತ್ತು ಎನ್ನುತ್ತಾರೆ. ಫೋಟೊದ ಮಟ್ಟಿಗೆ ನಾನದನ್ನು ಒಪ್ಪುವುದಿಲ್ಲ. ಬೆಳಗಿನ ಆರೂವರೆಗೆ ನಾಮಕರಣದ ಮನೆಯಲ್ಲಿ ತೆಗೆದ ಚಿತ್ರ, ಇಪ್ಪತ್ತು ವರ್ಷದ ನಂತರ ಅಮೆರಿಕದಲ್ಲಿ ಕುಳಿತು ನೋಡಿದಾಗಲೂ ಬೆಳಗಿನ ಆರೂವರೆ ಎಂದೇ ತೋರಿಸಬೇಕು. ಮನೆಯವರ ನೆನಪಿನಲ್ಲಿರುವುದು ಆ ಗೋಡೆಯ ಗಡಿಯಾರದ ಹೊತ್ತು. ಬರೀ ಯುಟಿಸಿ ಬರೆದಿಟ್ಟರೆ ಅಮೆರಿಕದ ಹೊತ್ತಿನಲ್ಲಿ ಅದು ಹಿಂದಿನ ದಿನವನ್ನು ಸೇರಿ ನಾಮಕರಣದ ತಾರೀಕೇ ಕಳೆದುಹೋಗಬಹುದು. ಸ್ಥಳೀಯ ಹೊತ್ತನ್ನು ಬರೆದದ್ದು ಎಕ್ಸಿಫಿನ ತಪ್ಪಲ್ಲ. ಅದು ಯಾವ ಸ್ಥಳ ಎಂಬುದನ್ನು ಪಕ್ಕದಲ್ಲಿ ಬರೆಯಲು ಜಾಗ ಬಿಡದಿದ್ದದ್ದು ತಪ್ಪು.

ಆ ಜಾಗ ಸಿಕ್ಕಿದ್ದು 2016ರಲ್ಲಿ, 2.31ನೇ ಆವೃತ್ತಿಯಲ್ಲಿ. `OffsetTimeOriginal` ಎಂಬ ಹೊಸ ಕ್ಷೇತ್ರ ಬಂತು. ಯುಟಿಸಿಗಿಂತ ಎಷ್ಟು ಮುಂದೆ ಅಥವಾ ಹಿಂದೆ ಎಂಬುದನ್ನು `+05:30` ಎಂಬ ರೂಪದಲ್ಲಿ ಅಲ್ಲಿ ಬರೆಯಬಹುದು. ಮೊದಲ ಆವೃತ್ತಿಯಿಂದ ಇಲ್ಲಿಗೆ ಇಪ್ಪತ್ತೊಂದು ವರ್ಷ. ಅಷ್ಟು ಕಾಲ ಜಗತ್ತು ತೆಗೆದ ಚಿತ್ರಗಳಿಗೆ ಊರಿಲ್ಲದ ಗಂಟೆಯೇ ಗತಿ. ಇದಕ್ಕೂ ಮೊದಲು ಟಿಫ್/ಇಪಿ ಎಂಬ ಇನ್ನೊಂದು ಮಾನದಂಡದಲ್ಲಿ `TimeZoneOffset` ಎಂಬ ಕ್ಷೇತ್ರ ಇತ್ತು ನಿಜ. ಆದರೆ ಅದು ಪೂರ್ಣ ಗಂಟೆಗಳನ್ನು ಮಾತ್ರ ಹಿಡಿಯುತ್ತದೆ: 5 ಎಂದು ಬರೆಯಬಹುದು, 6 ಎಂದು ಬರೆಯಬಹುದು, ಐದೂವರೆ ಬರೆಯಲಾಗದು. ಭಾರತ, ಶ್ರೀಲಂಕಾ, ಐದೂಮುಕ್ಕಾಲಿನ ನೇಪಾಳ, ಇವೆಲ್ಲ ಆ ಕ್ಷೇತ್ರದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನೂರು ಕೋಟಿಗೂ ಮೀರಿದ ಜನರ ಗಡಿಯಾರ ಹಿಡಿಯದ ಮಾನದಂಡವನ್ನು ಮಾನದಂಡ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಲಂಡನ್ನಿನ ಆ ಎರಡು ಚಿತ್ರಗಳನ್ನು ಬಿಚ್ಚಿ ನೋಡೋಣ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಫೈಲಿನೊಳಗಿನ ಸಮಯಗಳನ್ನೆಲ್ಲ ತೋರಿಸುತ್ತದೆ.

```
exiftool -a -s -time:all IMG_2031.JPG
```

ಇದನ್ನು ಎರಡು ಚಿತ್ರಗಳ ಮೇಲೂ ಓಡಿಸಿದಾಗ ಬರುವ ಸಾಲುಗಳಲ್ಲಿ ನಮಗೆ ಬೇಕಾದವು ಇಷ್ಟು. ಮೊದಲ ಮೂರು ಫೋನಿನ ಚಿತ್ರದವು, ಕೊನೆಯದು ಕ್ಯಾಮೆರಾದ ಚಿತ್ರದ್ದು.

```
DateTimeOriginal   : 2024:06:21 21:20:10
OffsetTimeOriginal : +01:00
GPSTimeStamp       : 20:20:10

DateTimeOriginal   : 2024:06:22 01:50:10
```

ಫೋನು ನೆಟ್‌ವರ್ಕಿನಿಂದ ಲಂಡನ್ನಿನ ಬೇಸಿಗೆಯ ಹೊತ್ತನ್ನು ಪಡೆದು, ಅದು ಯುಟಿಸಿಗಿಂತ ಒಂದು ಗಂಟೆ ಮುಂದೆ ಎಂದೂ ಬರೆದಿದೆ. ಜಿಪಿಎಸ್ ಸಮಯ ಯಾವಾಗಲೂ ಯುಟಿಸಿಯಲ್ಲೇ ಇರುತ್ತದೆ. 21:20ರಲ್ಲಿ ಒಂದು ಗಂಟೆ ಕಳೆದರೆ 20:20, ಎರಡೂ ತಾಳೆಯಾಗುತ್ತವೆ. ಕ್ಯಾಮೆರಾದ 01:50ಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲ. ಗಡಿಯಾರ ಬೆಂಗಳೂರಿನಲ್ಲೇ ನಿಂತಿತ್ತೆಂದು ನಮಗೆ ಗೊತ್ತಿರುವುದರಿಂದ ಐದೂವರೆ ಗಂಟೆ ಕಳೆಯುತ್ತೇವೆ, 21ರ 20:20 ಬರುತ್ತದೆ. ಆ ತಿಳಿವಳಿಕೆ ಫೈಲಿನಲ್ಲಿಲ್ಲ, ಅಪ್ಪನ ತಲೆಯಲ್ಲಿದೆ.

ಜಿಪಿಎಸ್ ಸಮಯ ಇದ್ದರೆ ಎಲ್ಲ ಬಗೆಹರಿಯಿತು ಎಂದುಕೊಳ್ಳುವುದೂ ಸರಿಯಲ್ಲ. ಕಟ್ಟಡದೊಳಗೆ ಉಪಗ್ರಹದ ಸಂಕೇತ ಸಿಗದಾಗ ಕೆಲವು ಉಪಕರಣಗಳು ಹಿಂದೆ ಸಿಕ್ಕ ಸ್ಥಾನವನ್ನೂ ಸಮಯವನ್ನೂ ಮತ್ತೆ ಬರೆಯುತ್ತವೆ. ಹತ್ತಾರು ಚಿತ್ರಗಳಲ್ಲಿ ಒಂದೇ ಜಿಪಿಎಸ್ ಸೆಕೆಂಡು ಕಂಡರೆ ಅದು ಹಳಸಿದ ಸಮಯ.

ತಪ್ಪು ಎಲ್ಲಿಂದ ಬಂತೆಂದು ತಿಳಿಯಲು ವ್ಯತ್ಯಾಸದ ಅಳತೆಯನ್ನೇ ನೋಡಬೇಕು. ಇಲ್ಲಿ ಬಂದದ್ದು ನಾಲ್ಕೂವರೆ ಗಂಟೆ, ಭಾರತಕ್ಕೂ ಬೇಸಿಗೆಯ ಲಂಡನ್ನಿಗೂ ಇರುವ ಅಂತರ. ಹಾಗಾದರೆ ಕ್ಯಾಮೆರಾದ ಗಡಿಯಾರ ಬದಲಿಸಿಲ್ಲ. ಏಳೆಂಟು ನಿಮಿಷದ ವ್ಯತ್ಯಾಸವಾದರೆ ಅದು ಕಾಲವಲಯದ ಮಾತೇ ಅಲ್ಲ, ತಿಂಗಳುಗಟ್ಟಲೆ ಹೊಂದಿಸದ ಗಡಿಯಾರ ಜಾರಿದೆ. ಇನ್ನು ಊರು ಬಿಟ್ಟು ಎಲ್ಲಿಗೂ ಹೋಗದವರ ಚಿತ್ರ ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಸಂಶಯ ಪಡಬೇಕಾದದ್ದು ತಂತ್ರಾಂಶವನ್ನು. ಬೆಳಿಗ್ಗೆ ಹತ್ತರ ಚಿತ್ರ ಮಧ್ಯಾಹ್ನ ಮೂರೂವರೆ ಎಂದು ತೋರಿದರೆ, ಯಾರೋ ಊರಿಲ್ಲದ ಹತ್ತು ಗಂಟೆಯನ್ನು ಯುಟಿಸಿ ಎಂದು ಓದಿ, ಅದಕ್ಕೆ ಐದೂವರೆ ಕೂಡಿಸಿ ಭಾರತದ ಹೊತ್ತು ಮಾಡಿದ್ದಾರೆ. ವಿಡಿಯೊಗಳಲ್ಲಿ ಇದು ಇನ್ನೂ ಹೆಚ್ಚು. ಎಂಪಿ4 ಫೈಲಿನ ಮಾನದಂಡ ಸಮಯವನ್ನು ಯುಟಿಸಿಯಲ್ಲೇ ಬರೆಯಬೇಕೆಂದು ಹೇಳುತ್ತದೆ, ಎಷ್ಟೋ ಕ್ಯಾಮೆರಾಗಳು ಸ್ಥಳೀಯ ಹೊತ್ತನ್ನೇ ಬರೆದುಬಿಡುತ್ತವೆ. ಮದುವೆಯ ಆಲ್ಬಮ್ಮಿನಲ್ಲಿ ಧಾರೆಯ ಫೋಟೊ ಬೆಳಿಗ್ಗೆಯೂ ಧಾರೆಯ ವಿಡಿಯೊ ಮಧ್ಯಾಹ್ನವೂ ಬಂದು ಕೂರುವುದು ಇದರಿಂದ.

ಹೊಸ ಕ್ಷೇತ್ರ ಬಂದ ಮೇಲೆ ತೊಂದರೆ ತೀರಿತೇ? ಪೂರ್ತಿ ತೀರಲಿಲ್ಲ. ಮೊದಲನೆಯದಾಗಿ ಅದನ್ನು ಬರೆಯುವುದು ಕಡ್ಡಾಯವಲ್ಲ. ಎರಡನೆಯದು ಇನ್ನೂ ಗಂಭೀರ. ಅಪ್ಪ ಲಂಡನ್ನಿನಲ್ಲಿ ಇಳಿದ ಕೂಡಲೇ ಎಚ್ಚರಗೊಂಡು ಕ್ಯಾಮೆರಾದ ಗಂಟೆಯನ್ನು ಕೈಯಾರೆ ಸರಿಮಾಡಿದರು, ಮೆನುವಿನಲ್ಲಿರುವ ಕಾಲವಲಯವನ್ನು ಮಾತ್ರ ಮುಟ್ಟಲಿಲ್ಲ ಎನ್ನಿ. ಆಗ ಹೊಸ ಕ್ಯಾಮೆರಾ 21:20 ಎಂದು ಬರೆದು ಪಕ್ಕದಲ್ಲಿ +05:30 ಎಂದೂ ಬರೆಯುತ್ತದೆ. ನೋಡುವವರಿಗೆ ಗಂಟೆ ಸರಿಯಾಗಿಯೇ ಕಾಣುತ್ತದೆ. ಲೆಕ್ಕ ಹಾಕುವ ತಂತ್ರಾಂಶಕ್ಕೆ ಅದು ಯುಟಿಸಿ 15:50, ನಿಜವಾದ ಕ್ಷಣಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಕಾಲವಲಯ ಇಲ್ಲದ ಸಮಯ ಅನುಮಾನಕ್ಕೆ ಎಡೆಕೊಡುತ್ತದೆ. ತಪ್ಪು ಕಾಲವಲಯ ಹೊತ್ತ ಸಮಯ ಅನುಮಾನವನ್ನೂ ಉಳಿಸುವುದಿಲ್ಲ. ಗಂಟೆಯನ್ನು ತಿರುಗಿಸುವ ಮೊದಲು ಊರು ಯಾವುದೆಂದು ಕ್ಯಾಮೆರಾವೇ ಕೇಳಬೇಕಿತ್ತು. ಎರಡನ್ನೂ ಮೆನುವಿನ ಬೇರೆ ಬೇರೆ ಸಾಲುಗಳಲ್ಲಿ ಇಟ್ಟ ತಯಾರಕರು ಈ ತಪ್ಪಿನ ಪಾಲುದಾರರು.

ಹಾಗೆಂದು ಹೊಸ ಕ್ಷೇತ್ರ ಬೇಡವೆಂದಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಲಂಡನ್ನಿನಲ್ಲಿ ನಸುಕಿನ ಎರಡು ಗಂಟೆಗೆ ಗಡಿಯಾರವನ್ನು ಒಂದಕ್ಕೆ ಹಿಂದೆ ತಿರುಗಿಸುತ್ತಾರೆ. ಆ ರಾತ್ರಿ ಒಂದೂವರೆ ಎರಡು ಸಲ ಬರುತ್ತದೆ. ಹಳೆಯ ಕ್ಷೇತ್ರವೊಂದೇ ಇದ್ದರೆ ಎರಡರಲ್ಲಿ ಯಾವ ಒಂದೂವರೆ ಎಂದು ಆ ಫೈಲಿನಿಂದ ಹೇಳಲಾಗದು. `+01:00` ಅಥವಾ `+00:00` ಎಂಬ ಆರು ಅಕ್ಷರ ಇದ್ದರೆ ಸಾಕು. ಇಷ್ಟು ಸಣ್ಣದಕ್ಕೆ ಎರಡು ದಶಕ ಹಿಡಿಯಿತಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ತಪ್ಪಿದ ಚಿತ್ರಗಳನ್ನು ಸರಿಪಡಿಸುವುದು ಕಷ್ಟವಲ್ಲ. ಕ್ಯಾಮೆರಾದ ಚಿತ್ರಗಳನ್ನು ಮಾತ್ರ ಬೇರೆ ಫೋಲ್ಡರಿಗೆ ಹಾಕಿ (ಫೋನಿನವು ಈಗಾಗಲೇ ಸರಿಯಿವೆ, ಅವು ಸೇರಬಾರದು) ಹೀಗೆ ಮಾಡಬಹುದು:

```
exiftool "-AllDates-=4:30" LONDON
exiftool -OffsetTimeOriginal=+01:00 LONDON
```

ಮೊದಲ ಆಜ್ಞೆ ನಾಲ್ಕೂವರೆ ಗಂಟೆ ಕಳೆಯುತ್ತದೆ, ಎರಡನೆಯದು ಊರಿನ ಗುರುತು ಬರೆಯುತ್ತದೆ. ಮರೆತು ಮೊದಲನೆಯದನ್ನೇ ಎರಡು ಸಲ ಓಡಿಸಿದರೆ ಒಂಬತ್ತು ಗಂಟೆ ಕಳೆದುಹೋಗುತ್ತದೆ. ಹಳೆಯ ಫೈಲುಗಳು `_original` ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿಯುತ್ತವೆ, ಫಲಿತಾಂಶ ನೋಡುವವರೆಗೆ ಅವನ್ನು ಅಳಿಸಬೇಡಿ. ಎಷ್ಟು ಕಳೆಯಬೇಕೆಂಬುದೇ ಗೊತ್ತಿಲ್ಲದಿದ್ದರೆ ಈ ಆಜ್ಞೆಗಳಿಂದ ಏನೂ ಆಗದು. ಆದ್ದರಿಂದ ಪರದೇಶಕ್ಕೆ ಹೊರಟವರು ವಿಮಾನ ಇಳಿದ ಮೇಲೆ ಕ್ಯಾಮೆರಾದ ಮೆನುವಿನಲ್ಲಿ ಗಂಟೆಯನ್ನಲ್ಲ, ಕಾಲವಲಯವನ್ನು ಬದಲಿಸಿ. ಬೇಸಿಗೆ ಸಮಯದ ಆಯ್ಕೆ ಅಲ್ಲೇ ಇದ್ದರೆ ಅದನ್ನೂ ನೋಡಿ. ಆ ಮೇಲೆ ನೆಟ್‌ವರ್ಕ್ ಹಿಡಿದ ಫೋನಿನ ಗಡಿಯಾರದ ಪರದೆಯನ್ನು ಸೆಕೆಂಡೂ ಕಾಣುವಂತೆ ಅದೇ ಕ್ಯಾಮೆರಾದಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಎಂದಾದರೂ ಗಂಟೆಯ ಬಗ್ಗೆ ಅನುಮಾನ ಬಂದರೆ, ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬುದನ್ನು ಆ ಒಂದು ಚಿತ್ರ ಸೆಕೆಂಡಿನ ಮಟ್ಟಿಗೆ ಹೇಳುತ್ತದೆ.