ಕೊಳಕುಮಂಡಲ ಕಚ್ಚಿದ ನಾಯಿ, ದನ: ಪ್ರತಿವಿಷ ಯಾವಾಗ ಬೇಕು?

ಕೊಳಕುಮಂಡಲ ಕಚ್ಚಿ ವಿಷ ಇಳಿಸಿದ್ದರೆ ಕಚ್ಚಿದ ಜಾಗ ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೇ ಬಾತುಕೊಳ್ಳುತ್ತದೆ. ನಾಯಿ ಹಾವನ್ನು ಮೂಸಲು ಹೋಗಿ, ಇಲ್ಲವೇ ಮುಂಗಾಲಿನಿಂದ ಕೆದಕಿ ಕಚ್ಚಿಸಿಕೊಳ್ಳುತ್ತದೆ. ಹಾಗಾಗಿ ಹಲ್ಲಿನ ಗುರುತು ಹೆಚ್ಚಾಗಿ ಮೂತಿಯಲ್ಲಿ ಅಥವಾ ಮುಂಗಾಲಿನಲ್ಲಿ ಸಿಗುತ್ತದೆ. ದನಗಳಿಗೆ ಮೇಯುವಾಗ ಮೂತಿಗೆ, ನಡೆಯುವಾಗ ಕಾಲಿಗೆ, ಮಲಗಿದ್ದಾಗ ಕೆಲವೊಮ್ಮೆ ಕೆಚ್ಚಲಿಗೂ ಕಡಿತ ಬೀಳುತ್ತದೆ. ವಿಷದಲ್ಲಿರುವ ಕಿಣ್ವಗಳು ಸಣ್ಣ ರಕ್ತನಾಳಗಳ ಗೋಡೆಯನ್ನು ಕೆಡಿಸುತ್ತವೆ. ಒಳಗಿನ ನೀರು, ರಕ್ತ ಸುತ್ತಲಿನ ಮಾಂಸಕ್ಕೆ ಸೋರಿ ಬಾವು ಹರಡುತ್ತದೆ.

ಈ ಹಂತದಲ್ಲಿ ಮಾಡಬೇಕಾದ್ದು ಕಡಿಮೆ. ಬಾವು ಮೇಲೇರುವ ಮೊದಲೇ ನಾಯಿಯ ಕೊರಳಪಟ್ಟಿಯನ್ನು, ದನದ ಮೂಗುದಾರ ಮತ್ತು ಕೊರಳಹಗ್ಗವನ್ನು ಬಿಚ್ಚಬೇಕು. ಹಸು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುವ ಪ್ರಾಣಿ. ಮೂತಿ ಊದಿ ಮೂಗಿನ ಹೊಳ್ಳೆ ಕಟ್ಟಿದರೆ ವಿಷಕ್ಕಿಂತ ಮೊದಲು ಉಸಿರೇ ತೊಂದರೆ ಕೊಡಬಹುದು. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿದರೆ ಕೆಳಗಿನ ಮಾಂಸ ಕೊಳೆಯುತ್ತದೆ. ಗಾಯ ಕೊಯ್ದರೆ ರಕ್ತ ನಿಲ್ಲದೆ ಹೋಗಬಹುದು. ಬಾವಿನ ಅಂಚಿನಲ್ಲಿ ಕೂದಲು ಕತ್ತರಿಸಿ, ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದಿಟ್ಟರೆ ಅದು ಎಷ್ಟು ಬೇಗ ಹರಡುತ್ತಿದೆ ಎಂಬುದು ಪಶುವೈದ್ಯರಿಗೆ ತಿಳಿಯುತ್ತದೆ.

ಬಾವೊಂದನ್ನೇ ನೋಡಿ ಪ್ರತಿವಿಷ ಕೊಡುವ ತೀರ್ಮಾನಕ್ಕೆ ಬರಲಾಗದು. ಜೇನುಹುಳ ಕಚ್ಚಿದರೂ ನಾಯಿಯ ಮೂತಿ ಊದುತ್ತದೆ, ಮುಳ್ಳು ಚುಚ್ಚಿ ಕೀವಾದರೂ ದನದ ಕಾಲು ಊದುತ್ತದೆ. ಮಂಡಲದ ಹಾವು ವಿಷ ಇಳಿಸದೆ ಬರೀ ಹಲ್ಲು ಊರುವುದೂ ಉಂಟು. ಕಟ್ಟುಹಾವಿನ ಕಡಿತದಲ್ಲಂತೂ ಬಾವೇ ಇಲ್ಲದೆ ಪಾರ್ಶ್ವವಾಯುವಿನಂತೆ ಸ್ನಾಯು ಸೋಲುತ್ತದೆ. ನಾಗರಹಾವಿನ ಕಡಿತದಲ್ಲಿ ಬಾವು, ಸ್ನಾಯುಸೋಲು ಎರಡೂ ಬರಬಹುದು. ಮಂಡಲದ ಕಡಿತದಲ್ಲಿ ವಿಷ ಮೈಗೇರಿದೆಯೇ ಎಂಬುದನ್ನು ತಿಳಿಸುವುದು ರಕ್ತ.

ಕೊಳಕುಮಂಡಲದ ವಿಷದಲ್ಲಿರುವ ಎರಡು ಕಿಣ್ವಗಳು ರಕ್ತ ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಐದನೆಯದನ್ನೂ ಹತ್ತನೆಯದನ್ನೂ ಬಡಿದೆಬ್ಬಿಸುತ್ತವೆ. ಗಾಯವೇ ಇಲ್ಲದ ಕಡೆ, ನಾಳದೊಳಗೇ ಹೆಪ್ಪುಗಟ್ಟುವ ಕೆಲಸ ಶುರುವಾಗಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಖರ್ಚಾಗಿಹೋಗುತ್ತದೆ. ಕೊನೆಗೆ ನಿಜವಾದ ಗಾಯಕ್ಕೆ ಬೇಕಾದಾಗ ಅದು ಉಳಿದಿರುವುದಿಲ್ಲ. ಆಗ ಹಲ್ಲಿನ ಗುರುತಿನಿಂದ, ಒಸಡಿನಿಂದ, ಸೂಜಿ ಚುಚ್ಚಿದ ಕಡೆಯಿಂದ ರಕ್ತ ಜಿನುಗುತ್ತಲೇ ಇರುತ್ತದೆ. ಕಿಣ್ವ ತಾನು ಖರ್ಚಾಗದೆ ಕೆಲಸ ಮಾಡುತ್ತಲೇ ಇರುವುದರಿಂದ ಸ್ವಲ್ಪ ವಿಷವೂ ಬಹಳಷ್ಟು ಫೈಬ್ರಿನೋಜೆನ್ ಮುಗಿಸಬಲ್ಲದು. ನಾನೂರು ಕಿಲೋ ತೂಗುವ ಹಸುವಿನ ರಕ್ತವೂ ಕೆಡಲು ಇದೇ ಕಾರಣ.

ಇದನ್ನು ಪತ್ತೆಹಚ್ಚಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಹೊಸದಾದ, ಒಣಗಿದ ಗಾಜಿನ ನಳಿಕೆಗೆ 2 ಮಿ.ಲೀ. ತಾಜಾ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಗಟ್ಟಿಯಾಗಿ ನಿಂತರೆ ಸರಿ, ನೀರಿನಂತೆ ಹರಿದರೆ ಕೆಟ್ಟಿದೆ. ಪ್ಲಾಸ್ಟಿಕ್ ನಳಿಕೆಯಲ್ಲಿ ಈ ಪರೀಕ್ಷೆ ನಡೆಯದು, ಏಕೆಂದರೆ ಹೆಪ್ಪುಗಟ್ಟಲು ಚಾಲನೆ ಕೊಡುವುದು ಗಾಜಿನ ಮೈ. ಸೋಪುನೀರಿನಲ್ಲಿ ತೊಳೆದ ಗಾಜೂ ಆರೋಗ್ಯವಂತ ಪ್ರಾಣಿಯ ರಕ್ತವನ್ನು ಕೆಟ್ಟದ್ದೆಂದು ತೋರಿಸಬಹುದು. ದನದ ರಕ್ತ ಸಹಜವಾಗಿಯೇ ನಾಯಿಯದಕ್ಕಿಂತ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ಅದೇ ಕೊಟ್ಟಿಗೆಯ ಇನ್ನೊಂದು ಹಸುವಿನ ರಕ್ತವನ್ನೂ ಪಕ್ಕದ ನಳಿಕೆಯಲ್ಲಿಟ್ಟು ಹೋಲಿಸಬೇಕು. ರಕ್ತವನ್ನು ನಾಯಿಯ ಮುಂಗಾಲು, ದನದ ಬಾಲ ಹೀಗೆ ಒತ್ತಿ ಹಿಡಿಯಲು ಬರುವ ಕಡೆಯಿಂದ, ಬಾವಿಲ್ಲದ ಜಾಗದಲ್ಲಿ ತೆಗೆಯುವುದು ಲೇಸು. ಕೊರಳ ನಾಳಕ್ಕೆ ಚುಚ್ಚಿದರೆ ರಕ್ತ ನಿಲ್ಲಿಸುವುದು ಕಷ್ಟ.

ಭಾರತದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೂ ಹಾವುಗಳ ವಿಷದ ವಿರುದ್ಧ ಕುದುರೆಯ ಮೈಯಲ್ಲಿ ತಯಾರಾದದ್ದು. ಒಂದು ಮಿ.ಲೀ. ಪ್ರತಿವಿಷ ಕೊಳಕುಮಂಡಲದ 0.6 ಮಿ.ಗ್ರಾಂ. ವಿಷವನ್ನು ತಟಸ್ಥಗೊಳಿಸಬೇಕು ಎಂಬುದು ಅದರ ಮಾನದಂಡ. ಅಂದರೆ 10 ಮಿ.ಲೀ.ನ ಒಂದು ವಯಲಿಗೆ 6 ಮಿ.ಗ್ರಾಂ. ದೊಡ್ಡ ಕೊಳಕುಮಂಡಲ ಒಮ್ಮೆಗೆ 60 ಮಿ.ಗ್ರಾಂ.ನಷ್ಟು ವಿಷ ಬಿಡಬಲ್ಲದು. ವಯಲುಗಳ ಲೆಕ್ಕ ಹಾವು ಬಿಟ್ಟ ವಿಷಕ್ಕೆ ಸಂಬಂಧಿಸಿದ್ದೇ ಹೊರತು ಪ್ರಾಣಿಯ ತೂಕಕ್ಕಲ್ಲ. ಪುಟ್ಟ ನಾಯಿಗೆ ಅರ್ಧ ವಯಲು ಸಾಕೆಂಬ ಎಣಿಕೆ ಇಲ್ಲಿ ತಪ್ಪುತ್ತದೆ.

ಒಂದು ಪ್ರಸಂಗ ಊಹಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಸಂಜೆ ಏಳಕ್ಕೆ ಕಬ್ಬಿನ ಗದ್ದೆಯಲ್ಲಿ 20 ಕಿಲೋ ತೂಕದ ಮುಧೋಳ ನಾಯಿಯ ಮೂತಿಗೆ ಕಡಿತವಾಗಿದೆ. ಎಂಟೂವರೆಗೆ ಬಾವು ಕಣ್ಣಿನವರೆಗೆ ಏರಿದೆ, ಹಲ್ಲಿನ ಗುರುತಿನಿಂದ ರಕ್ತ ಜಿನುಗುತ್ತಿದೆ. ನಳಿಕೆಯ ರಕ್ತ 20 ನಿಮಿಷವಾದರೂ ಹರಿಯುತ್ತಿದೆ, ಮನೆಯ ಇನ್ನೊಂದು ನಾಯಿಯದು ಗಟ್ಟಿಯಾಗಿದೆ. ಇಲ್ಲಿ ಪ್ರತಿವಿಷ ಖಂಡಿತ ಬೇಕು. ಸಿಕ್ಕ ನಾಲ್ಕು ವಯಲುಗಳನ್ನು ಸಲೈನಿಗೆ ಸೇರಿಸಿ ಸುಮಾರು ಒಂದು ಗಂಟೆಯಲ್ಲಿ ನಾಳದೊಳಕ್ಕೆ ಬಿಡಲಾಗುತ್ತದೆ; ಕಚ್ಚಿದ ಜಾಗಕ್ಕೆ ಚುಚ್ಚುವುದರಿಂದ ಪ್ರಯೋಜನವಿಲ್ಲ. ವಾಂತಿ, ಮೈಮೇಲೆ ದದ್ದು, ಕುಸಿತ ಕಂಡರೆ ಡ್ರಿಪ್ ನಿಲ್ಲಿಸಿ ಅಡ್ರಿನಲಿನ್ ಕೊಡಬೇಕು: ಕಿಲೋಗೆ 0.01 ಮಿ.ಗ್ರಾಂ., ಈ ನಾಯಿಗೆ 0.2 ಮಿ.ಗ್ರಾಂ. ಅದನ್ನು ಮೊದಲೇ ಸಿರಿಂಜಿಗೆ ಎಳೆದಿಟ್ಟಿರಬೇಕು.

ಮುಂದಿನ ಪರೀಕ್ಷೆ ಆರು ಗಂಟೆಯ ನಂತರ. ವಿಷ ತಟಸ್ಥವಾದ ಮೇಲೆ ಯಕೃತ್ತು ಹೊಸ ಫೈಬ್ರಿನೋಜೆನ್ ತಯಾರಿಸಲು ಅಷ್ಟು ಹೊತ್ತು ಬೇಕು. ಆಗಲೂ ರಕ್ತ ಹರಿದರೆ ವಿಷ ಇನ್ನೂ ಸುತ್ತುತ್ತಿದೆ ಎಂದು ತಿಳಿದು ಮತ್ತೆ ಪ್ರತಿವಿಷ ಕೊಡಬೇಕು, ಗಟ್ಟಿಯಾದರೆ ಅಲ್ಲಿಗೆ ನಿಲ್ಲಿಸಬಹುದು. ಪ್ರತಿವಿಷವಿಲ್ಲದೆ ಬರೀ ರಕ್ತ ಅಥವಾ ಪ್ಲಾಸ್ಮಾ ಏರಿಸಿದರೆ ಅದರ ಫೈಬ್ರಿನೋಜೆನ್ ಕೂಡ ಹಾಗೆಯೇ ಖರ್ಚಾಗುತ್ತದೆ. ನೋವಿಗೆಂದು ಮೆಲಾಕ್ಸಿಕ್ಯಾಮ್‌ನಂಥ ಔಷಧ ಕೊಟ್ಟರೆ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆ, ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟರೆ ಅಲ್ಲೇ ರಕ್ತಗಂಟು.

ಹಸುವಿನ ವಿಚಾರದಲ್ಲಿ ಲೆಕ್ಕಾಚಾರ ಬೇರೆ. ಅಷ್ಟೇ ವಿಷ ದೊಡ್ಡ ಮೈಯಲ್ಲಿ ಹರಡಿಹೋಗುವುದರಿಂದ, ಬಾವು ನಿಂತಿದ್ದು, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿದ್ದು, ಮೇವು ತಿನ್ನುತ್ತಿದ್ದರೆ ಪ್ರತಿವಿಷವಿಲ್ಲದೆ ಆರು ಗಂಟೆಗೊಮ್ಮೆ ಪರೀಕ್ಷಿಸುತ್ತ ಕಾಯಬಹುದು. ರಕ್ತ ಹರಿಯುತ್ತಿದ್ದರೆ, ಬಾವು ಗಂಟೆಗಂಟೆಗೂ ಏರುತ್ತಿದ್ದರೆ, ಇಲ್ಲವೇ ಸ್ನಾಯು ಸೋತು ಕುಸಿದರೆ ಕೊಡಲೇಬೇಕು. ಕಡಿತವಾಗಿ ಒಂದು ದಿನ ಕಳೆದಿದ್ದರೂ ರಕ್ತ ಹೆಪ್ಪುಗಟ್ಟದಿದ್ದರೆ ಪ್ರತಿವಿಷಕ್ಕೆ ಇನ್ನೂ ಕೆಲಸವಿದೆ.

ಆದರೆ ಆಗಿಹೋದ ಹಾನಿಯನ್ನು ಅದು ಸರಿಪಡಿಸದು. ಕಪ್ಪಾಗಿ ಸತ್ತ ಚರ್ಮ ಉದುರಿ ಹುಣ್ಣಾಗುತ್ತದೆ, ಅದಕ್ಕೆ ಬೇಕಾದ್ದು ವಾರಗಟ್ಟಲೆ ಗಾಯದ ಆರೈಕೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ ಮೂತ್ರಪಿಂಡ ಕೆಟ್ಟಿರುವ ಸೂಚನೆ. ರಕ್ತ ಸರಿಹೋದ ಮೇಲೂ ಕೆಲವು ದಿನ ಇದರ ಮೇಲೆ ಕಣ್ಣಿಟ್ಟಿರಬೇಕು. ಮಲೆನಾಡಿನ ತೋಟಗಳಲ್ಲಿ ಕಾಣುವ, ಮೂತಿಯ ತುದಿ ಮೇಲೆದ್ದ ಗುಳಿಮಂಡಲದ ವಿಷಕ್ಕೆ ಈ ಪ್ರತಿವಿಷ ನಾಟುವುದಿಲ್ಲ. ಅಲ್ಲಿ ಎಷ್ಟು ವಯಲು ಹಾಕಿದರೂ ಖರ್ಚು ಮತ್ತು ಅಲರ್ಜಿಯ ಅಪಾಯ ಮಾತ್ರ ಬೆಳೆಯುತ್ತದೆ. ಅಂಥ ಕಡಿತಕ್ಕೆ ಡ್ರಿಪ್, ಗಾಯದ ಆರೈಕೆ ಮತ್ತು ಮೂತ್ರದ ಮೇಲಿನ ನಿಗಾ ಇವಷ್ಟೇ ಚಿಕಿತ್ಸೆ.