ಕೊಳದಲ್ಲಿ ನೀರೆಷ್ಟು?

ಕಳೆದ ವಾರ ಪರಿಚಿತ ತರುಣನೊಬ್ಬನು ಮೊಬೈಲಿನಲ್ಲಿ ಸಣ್ಣ ಕ್ರಿಪ್ಟೋ ನಾಣ್ಯವೊಂದರ ರೇಖಾಚಿತ್ರವನ್ನು ತೋರಿಸಿ, "ಸರ್, ಒಂದೇ ಗಂಟೆಯಲ್ಲಿ ನಾಲ್ಕು ಪಟ್ಟಾಗಿದೆ" ಎಂದಾಗ, ನಾನು ಅವನನ್ನು ಕೇಳಿದ್ದು ಬೆಲೆಯನ್ನಲ್ಲ, ಆ ನಾಣ್ಯದ ಲಿಕ್ವಿಡಿಟಿ ಪೂಲ್, ಅಂದರೆ ಕೊಡುಕೊಳ್ಳುವಿಕೆಗೆ ಆಧಾರವಾಗಿರತಕ್ಕ ಕೊಳದಲ್ಲಿ ಹಣವೆಷ್ಟಿದೆಯೆಂಬುದನ್ನು.

ಕೊಳವೊಂದರಲ್ಲಿ 10 ಲಕ್ಷ ನಾಣ್ಯಗಳೂ 10,000 ಡಾಲರುಗಳೂ ಇವೆಯೆಂದು ಭಾವಿಸೋಣ. ಆಗ ನಾಣ್ಯವೊಂದರ ಬೆಲೆ ಒಂದು ಸೆಂಟು. ಎರಡು ಮೊತ್ತಗಳ ಗುಣಲಬ್ಧವು ಸ್ಥಿರವಾಗಿರಬೇಕೆಂಬುದು ಇಂಥ ಕೊಳಗಳ ಸಾಮಾನ್ಯ ನಿಯಮವಾದುದರಿಂದ, ಒಬ್ಬನು 10,000 ಡಾಲರು ಸುರಿದು ಕೊಂಡರೆ ಡಾಲರು ಇಮ್ಮಡಿಸಿ, ನಾಣ್ಯವು ಅರ್ಧಕ್ಕಿಳಿದು, ಬೆಲೆ ನಾಲ್ಕು ಸೆಂಟಿಗೇರುತ್ತದೆ. ಮೊದಲೇ 50 ಲಕ್ಷ ನಾಣ್ಯಗಳನ್ನು ಕೂಡಿಟ್ಟವನ ಸಂಪತ್ತು ಪರದೆಯ ಮೇಲೆ 2 ಲಕ್ಷ ಡಾಲರಾಗಿ ತೋರುವುದಾದರೂ, ಅಷ್ಟನ್ನೂ ಒಮ್ಮೆಲೇ ಮಾರಿದರೆ ಅವನಿಗೆ ದಕ್ಕುವುದು ಸುಮಾರು 18,000 ಡಾಲರು ಮಾತ್ರ, ಕೊಳದಲ್ಲಿದ್ದುದೇ 20,000. ಅವನು ಹೊರನಡೆದ ಮೇಲೆ ಉಳಿದವರಿಗೆ ಹಂಚಿಕೊಳ್ಳಲು 2,000 ಡಾಲರು ಸಹ ಇರುವುದಿಲ್ಲ. ಆದುದರಿಂದಲೇ ಅವನಿಗೆ ಹೊಸ ಗ್ರಾಹಕರು ಬೇಕು. ಟೆಲಿಗ್ರಾಂ ಗುಂಪುಗಳ ಕೋಲಾಹಲವೆಲ್ಲ ಹುಟ್ಟುವುದು ಆ ಅವಶ್ಯಕತೆಯಿಂದ.

ಆ ಗುಂಪುಗಳಲ್ಲಿ ದಿನವನ್ನೂ ಗಳಿಗೆಯನ್ನೂ ಮುಂಚಿತವಾಗಿ ಸಾರಿ, ನಾಣ್ಯದ ಹೆಸರನ್ನು ಮಾತ್ರ ಕಡೆಯ ಕ್ಷಣದವರೆಗೆ ಗೋಪ್ಯವಾಗಿರಿಸುವುದು ವಾಡಿಕೆ. ಸಂಘಟಕರಿಗೂ ಹಣತೆತ್ತ ಸದಸ್ಯರಿಗೂ ಹೆಸರು ಮೊದಲೇ ತಿಳಿದಿರುವುದರಿಂದ, ವಾರಗಟ್ಟಲೆ ನಿದ್ರಿಸುತ್ತಿದ್ದ ನಾಣ್ಯದ ವಹಿವಾಟು ಯಾವ ಸುದ್ದಿಯೂ ಇಲ್ಲದೆ ಘೋಷಣೆಗೆ ಮುನ್ನವೇ ಮೇಲೇಳುತ್ತದೆ. ನಾನು ಅತ್ಯಂತ ಭಯಪಡುವ ಲಕ್ಷಣವಿದು; ಏಕೆಂದರೆ ಘೋಷಣೆಯನ್ನು ನೋಡಿ ಓಡಿಬಂದವನು ಕೊಳ್ಳುವುದು ಆ ಮೊದಲಿಗರ ಕೈಯಿಂದಲೇ.

ವಹಿವಾಟಿನ ಅಂಕಿಯೂ ಕೃತಕವಾಗಿರಬಹುದು. ಅಮೆರಿಕದ ಎಫ್‌ಬಿಐ ಅಂಥ ಅಂಕಿಯನ್ನು ಹುಟ್ಟಿಸುವವರನ್ನು ಹಿಡಿಯಲೆಂದು ನೆಕ್ಸ್‌ಫಂಡ್‌ಎಐ ಎಂಬ ನಾಣ್ಯವನ್ನು ತಾನೇ ಸೃಷ್ಟಿಸಿತ್ತು. 2024ರ ಅಕ್ಟೋಬರಿನಲ್ಲಿ ಬಹಿರಂಗವಾದ ಆ ಪ್ರಕರಣದಲ್ಲಿ, ಒಬ್ಬರ ಅಧೀನದಲ್ಲೇ ಇರುವ ಹಲವು ವಾಲೆಟ್‌ಗಳ ನಡುವೆ ನಾಣ್ಯವನ್ನು ಅತ್ತಿತ್ತ ಮಾರಿ ವ್ಯಾಪಾರದ ಭ್ರಮೆಯನ್ನು ಹುಟ್ಟಿಸುವುದನ್ನು ಕೆಲವರು ಕಸುಬಾಗಿಯೇ ನಡೆಸುತ್ತಿದ್ದರೆಂಬ ಆರೋಪ ಹೊರಿಸಲಾಯಿತು. ಕೊಳ ಚಿಕ್ಕದಿದ್ದು, ದಿನದ ವಹಿವಾಟು ಅದರ ಹತ್ತಾರು ಪಟ್ಟಾಗಿದ್ದರೆ, ಕೊಳ್ಳುವವರ ವಾಲೆಟ್ ವಿಳಾಸಗಳನ್ನು ಒಂದೊಂದಾಗಿ ನೋಡಬೇಕು. ಅವೇ ನಾಲ್ಕೈದು ವಿಳಾಸಗಳು ಸಮಾನ ಮೊತ್ತಗಳಲ್ಲಿ, ನಿಯತವಾದ ಅಂತರದಲ್ಲಿ ಮರಳಿ ಮರಳಿ ಬರುತ್ತಿದ್ದರೆ ಅದು ಪೇಟೆಯಲ್ಲ.

ತುಂಬಿದ ಕೊಳವನ್ನು ಕಂಡೊಡನೆ ನಿಶ್ಚಿಂತರಾಗುವಂತೆಯೂ ಇಲ್ಲ. ಹಣ ಹೂಡಿದವನು ಅದನ್ನು ನಿರ್ದಿಷ್ಟ ಅವಧಿಗೆ ಬೀಗಹಾಕಿಡದಿದ್ದರೆ, ಯಾವ ಗಳಿಗೆಯಲ್ಲಾದರೂ ಹಿಂತೆಗೆಯಬಲ್ಲನು. ಆ ತರುಣನ ನಾಣ್ಯದ ಕೊಳದಲ್ಲಿ ಇದ್ದುದು 9,000 ಡಾಲರು, ಬೀಗವಿರಲಿಲ್ಲ.